ಮೌಲ್ಯದ ವರ್ಗ, ಏರಿಳಿತದ ವರ್ಗ: ಯಾವ ಸಾಮಾನಿಗೆ ಬಿಗಿ ಹಿಡಿತ, ಯಾವುದಕ್ಕೆ ಬಫರ್ ಸ್ಟಾಕ್?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಬೋರ್‌ವೆಲ್ ಸಬ್‌ಮರ್ಸಿಬಲ್ ಪಂಪ್ ಜೋಡಿಸುವ ಸಣ್ಣ ಕಾರ್ಖಾನೆ ನಡೆಸುತ್ತೇವೆ. ಸ್ಟೋರಿನಲ್ಲಿ ಸುಮಾರು 400 ಬಗೆಯ ಸಾಮಾನುಗಳಿವೆ. ಎಬಿಸಿ ವಿಂಗಡಣೆ ಮಾಡಿದ್ದೇವೆ. ಆದರೂ ಎ ವರ್ಗದಲ್ಲಿ ದುಡ್ಡು ಸಿಕ್ಕಿಬಿದ್ದಿದೆ. ಇನ್ನೊಂದು ಕಡೆ ಆರು ರೂಪಾಯಿಯ ರಬ್ಬರ್ ರಿಂಗ್ ಇಲ್ಲದೆ ಜೋಡಣೆ ನಿಲ್ಲುತ್ತದೆ. ಎಕ್ಸ್‌ವೈಝಡ್ ಅನ್ನೂ ಸೇರಿಸಿ ನೋಡಿ ಎಂದು ಆಡಿಟರ್ ಹೇಳಿದರು. ಎರಡನ್ನೂ ಕೂಡಿಸಿ, ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದಕ್ಕೆ ಬಫರ್ ಸ್ಟಾಕ್ ಇಡಬೇಕು ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಈ ಎರಡು ವಿಂಗಡಣೆಗಳು ಎರಡು ಬೇರೆ ವಿಷಯಗಳನ್ನು ಹೇಳುತ್ತವೆ. ಒಂದು ಸಾಮಾನಿನ ಲೆಕ್ಕ ತಪ್ಪಿದರೆ ನಿಮ್ಮ ಎಷ್ಟು ಹಣ ಕೆಲಸವಿಲ್ಲದೆ ಕೂರುತ್ತದೆ ಎಂಬುದನ್ನು ಎಬಿಸಿ ತಿಳಿಸುತ್ತದೆ. ಮುಂದಿನ ತಿಂಗಳ ಬಳಕೆಯನ್ನು ನೀವು ಎಷ್ಟು ನಂಬಿಕೆಯಿಂದ ಮುಂಚಿತವಾಗಿ ಹೇಳಬಲ್ಲಿರಿ ಎಂಬುದನ್ನು ಎಕ್ಸ್‌ವೈಝಡ್ ತಿಳಿಸುತ್ತದೆ. ಆದ್ದರಿಂದ ನಿಮ್ಮ ಗಮನ, ಎಣಿಕೆ ಮತ್ತು ಆರ್ಡರಿನ ಬೆನ್ನುಹತ್ತುವ ಶ್ರಮ ಮೌಲ್ಯವನ್ನು ನೋಡಿ ಹಂಚಿಕೆಯಾಗಬೇಕು. ಅಂದಾಜು ತಪ್ಪಿದಾಗ ಒದಗಲೆಂದು ಹೆಚ್ಚುವರಿಯಾಗಿ ಇಡುವ ಬಫರ್ ಸ್ಟಾಕಿನ ಅಗತ್ಯ ಏರಿಳಿತದಿಂದ ಹುಟ್ಟುತ್ತದೆಯಾದರೂ, ಅದನ್ನು ಧಾರಾಳವಾಗಿ ಇಡಬೇಕಾದದ್ದು ಅದು ಅಗ್ಗವಾಗಿರುವ ಕಡೆ ಮಾತ್ರ. ಏರಿಳಿತವೂ ಹೆಚ್ಚು, ಮೌಲ್ಯವೂ ಹೆಚ್ಚು ಎನ್ನುವ ಕಡೆ ಬಫರ್ ಇಡುವ ಬದಲು ಬೇರೆ ದಾರಿ ಹುಡುಕಬೇಕು. ನೀವು ಹೇಳಿರುವ ಎರಡೂ ತೊಂದರೆಗಳ ಮೂಲ ಒಂದೇ ಎಂದು ನನಗನ್ನಿಸುತ್ತದೆ: ಎಬಿಸಿ ವರ್ಗವನ್ನೇ ನೋಡಿ ಬಫರನ್ನೂ ನಿಗದಿ ಮಾಡಲಾಗಿದೆ. ‘ಎ ಮುಖ್ಯ, ಹಾಗಾಗಿ ಅದು ಎಂದೂ ಖಾಲಿಯಾಗಬಾರದು, ಸಿ ಅಮುಖ್ಯ, ಹಾಗಾಗಿ ಕಡಿಮೆ ಇದ್ದರೂ ನಡೆದೀತು’ ಎಂಬ ತರ್ಕ ಬಹಳ ಸ್ಟೋರುಗಳಲ್ಲಿ ಕಾಣಸಿಗುತ್ತದೆ, ಮತ್ತು ಅದು ಪೂರ್ತಿ ತಲೆಕೆಳಗಾದದ್ದು.

ಎಬಿಸಿ ಪದ್ಧತಿ 1951ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಎಂಬವರ ಬರಹದಿಂದ ಪ್ರಚಾರಕ್ಕೆ ಬಂದಿತು. ಸಾವಿರಾರು ಸಾಮಾನುಗಳ ಮೇಲೆ ಸಮನಾದ ಗಮನ ಇಡಲು ಯಾರಿಂದಲೂ ಆಗದು, ಹಣ ಹೆಚ್ಚು ಹರಿಯುವ ಕೆಲವೇ ಸಾಮಾನುಗಳ ಮೇಲೆ ಇಡಿ ಎಂಬುದು ಅದರ ಉದ್ದೇಶವಾಗಿತ್ತು. ಗಮನವನ್ನು ಹಂಚುವುದಕ್ಕೆ ಹುಟ್ಟಿದ ಈ ಪದ್ಧತಿ ಬಫರಿನ ಬಗ್ಗೆ ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ. ಲೆಕ್ಕ ನಿಮಗೆ ಗೊತ್ತೇ ಇದೆ: ವರ್ಷದ ಬಳಕೆಯನ್ನು ದರದಿಂದ ಗುಣಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನಿಂದ ಕೂಡಿಸುತ್ತ ಬಂದು, ಒಟ್ಟು ಮೌಲ್ಯದ ಶೇಕಡಾ 80ರವರೆಗಿನವನ್ನು ಎ, 95ರವರೆಗಿನವನ್ನು ಬಿ, ಉಳಿದವನ್ನು ಸಿ ಎನ್ನುವುದು ರೂಢಿ. ಇಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಗುಣಿಸಿರುವುದು ವರ್ಷದ ಬಳಕೆಯನ್ನೇ ಹೊರತು ಈಗ ಕಪಾಟಿನಲ್ಲಿರುವ ದಾಸ್ತಾನನ್ನಲ್ಲ ತಾನೆ? ದಾಸ್ತಾನಿನ ಮೌಲ್ಯದ ಮೇಲೆ ವಿಂಗಡಿಸಿದರೆ, ತಪ್ಪಿ ಹೆಚ್ಚು ತರಿಸಿಟ್ಟ ಸಾಮಾನೆಲ್ಲ ಎ ವರ್ಗಕ್ಕೆ ಹತ್ತಿ ಕೂರುತ್ತದೆ.

ಏರಿಳಿತವನ್ನು ಅಳೆಯಲು ಬಳಸುವುದು ವಿಚಲನಾ ಗುಣಾಂಕ, ಅಂದರೆ ತಿಂಗಳ ಬಳಕೆಗಳ ಮಾನಕ ವಿಚಲನೆಯನ್ನು ಅವುಗಳ ಸರಾಸರಿಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಹನ್ನೆರಡು ತಿಂಗಳ ಅಂಕಿಗಳು ಒಂದು ಸಾಲಿನಲ್ಲಿದ್ದರೆ ಎಕ್ಸೆಲ್‌ನಲ್ಲಿ ಹೀಗೆ ಬರೆಯಬಹುದು:

```
=STDEV.S(B2:M2)/AVERAGE(B2:M2)
```

ಈ ಸಂಖ್ಯೆ 0.25ಕ್ಕಿಂತ ಕಡಿಮೆಯಿದ್ದರೆ ಎಕ್ಸ್, 0.25ರಿಂದ 0.5ರ ನಡುವೆ ಇದ್ದರೆ ವೈ, ಅದಕ್ಕೂ ಮೇಲಾದರೆ ಝಡ್ ಎಂದು ಹಿಡಿಯುವವರಿದ್ದಾರೆ, 0.5 ಮತ್ತು 1ನ್ನು ಗಡಿಯಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ಗಡಿ ಎಲ್ಲಿರಬೇಕು ಎಂಬುದಕ್ಕೆ ಶಾಸ್ತ್ರದ ಕಟ್ಟಳೆ ಯಾವುದೂ ಇಲ್ಲ. ನಾನು ಇಲ್ಲಿ ಮೊದಲನೆಯದನ್ನೇ ಬಳಸುತ್ತೇನೆ.

ಆದರೆ ಈ ಸೂತ್ರಕ್ಕೆ ಏನನ್ನು ಉಣಿಸುತ್ತೀರಿ ಎಂಬುದು ಸೂತ್ರಕ್ಕಿಂತ ಮುಖ್ಯ. ಹೆಚ್ಚಿನ ಕಾರ್ಖಾನೆಗಳು ಸ್ಟೋರಿನ ಇಶ್ಯೂ ದಾಖಲೆಯನ್ನೇ ಬಳಕೆಯೆಂದು ತೆಗೆದುಕೊಳ್ಳುತ್ತವೆ. ರಬ್ಬರ್ ರಿಂಗಿನ ಸಾವಿರದ ಪೊಟ್ಟಣವನ್ನು ಎರಡು ತಿಂಗಳಿಗೊಮ್ಮೆ ಜೋಡಣೆ ವಿಭಾಗಕ್ಕೆ ಒಟ್ಟಿಗೆ ಕೊಟ್ಟರೆ ದಾಖಲೆಯಲ್ಲಿ ಒಂದು ತಿಂಗಳು 1,000, ಇನ್ನೊಂದು ತಿಂಗಳು ಸೊನ್ನೆ ಎಂದು ಕಾಣುತ್ತದೆ. ಗುಣಾಂಕ 1ರ ಮೇಲೆ ಹೋಗಿ, ದಿನವೂ ಒಂದೇ ಸಮನೆ ಬಳಕೆಯಾಗುವ ಸಾಮಾನು ಝಡ್ ಆಗಿಬಿಡುತ್ತದೆ. ಇಂಥ ಸಾಮಾನಿಗೆ ಇಶ್ಯೂ ಬಿಟ್ಟು, ತಯಾರಾದ ಪಂಪುಗಳ ಸಂಖ್ಯೆಯನ್ನು ಒಂದು ಪಂಪಿಗೆ ಬೇಕಾದ ಪ್ರಮಾಣದಿಂದ ಗುಣಿಸಿ ಬಳಕೆಯನ್ನು ಹೊರಡಿಸಿ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಸಾಮಾನು ಖಾಲಿಯಾಗಿದ್ದ ತಿಂಗಳಲ್ಲಿ ದಾಖಲಾದ ಸೊನ್ನೆಗೆ ‘ಬೇಡಿಕೆ ಇರಲಿಲ್ಲ’ ಎಂಬ ಅರ್ಥವಿಲ್ಲ. ಅಂಥ ತಿಂಗಳುಗಳನ್ನು ಗುರುತಿಸಿ ಲೆಕ್ಕದಿಂದ ಹೊರಗಿಡಬೇಕು, ಇಲ್ಲವೇ ಬಾಕಿ ಉಳಿದ ಆರ್ಡರುಗಳನ್ನು ನೋಡಿ ತುಂಬಬೇಕು.

ಇವೆಲ್ಲಕ್ಕಿಂತ ದೊಡ್ಡ ಎಡವಟ್ಟು ನಿಮ್ಮ ವ್ಯಾಪಾರದಲ್ಲಿ ಋತುಮಾನದಿಂದ ಆಗುತ್ತದೆ, ಅದನ್ನು ಸ್ವಲ್ಪ ವಿವರವಾಗಿ ನೋಡೋಣ. ನೆಲದ ನೀರು ಕೆಳಗಿಳಿಯುವ ಫೆಬ್ರವರಿಯಿಂದ ಮೇವರೆಗೆ ಬೋರ್‌ವೆಲ್ ಪಂಪಿಗೆ ಬೇಡಿಕೆ ಏರುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಮೋಟರಿನ ತಾಮ್ರದ ವೈಂಡಿಂಗ್ ತಂತಿಯನ್ನು ತೆಗೆದುಕೊಳ್ಳಿ. ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡ ಅಂಕಿಗಳ ಪ್ರಕಾರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಕೆ.ಜಿ.ಗಳಲ್ಲಿ ಬಳಕೆ ಹೀಗಿದೆ ಎನ್ನೋಣ: 820, 760, 430, 340, 330, 400, 480, 520, 560, 680, 800, 880. ಒಟ್ಟು 7,000 ಕೆ.ಜಿ., ಸರಾಸರಿ 583. ದರ ಕೆ.ಜಿ.ಗೆ 1,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 70 ಲಕ್ಷ ರೂಪಾಯಿ. ಇದು ಎ ವರ್ಗದ ತಲೆಯ ಮೇಲಿರುವ ಸಾಮಾನು ಎಂಬುದರಲ್ಲಿ ಅನುಮಾನವಿಲ್ಲ. ಮಾನಕ ವಿಚಲನೆ ಸುಮಾರು 197 ಕೆ.ಜಿ. ಬರುತ್ತದೆ, ಗುಣಾಂಕ 0.34. ಅಂದರೆ ಎರಡೂ ವಿಂಗಡಣೆಗಳನ್ನು ಕೂಡಿಸಿದಾಗ ಬರುವ ಒಂಬತ್ತು ಮನೆಗಳಲ್ಲಿ ತಂತಿ ಎ-ವೈ ಮನೆಗೆ ಬಿತ್ತು.

ಇಲ್ಲಿಯೇ ನಿಂತು ಯೋಚಿಸಬೇಕು. ಮಾರ್ಚ್‌ನಲ್ಲಿ ಹೆಚ್ಚು, ಜುಲೈಯಲ್ಲಿ ಕಡಿಮೆ ಎಂಬುದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿರುವ ಏರಿಳಿತಕ್ಕೆ ಬಫರ್ ಬೇಕಿಲ್ಲ, ಅದಕ್ಕೆ ಬೇಕಾದದ್ದು ಮುಂಚಿತವಾದ ಯೋಜನೆ. ಬಫರ್ ಬೇಕಾಗಿರುವುದು ಯೋಜನೆಗೂ ನಿಜವಾದ ಬಳಕೆಗೂ ನಡುವೆ ಉಳಿಯುವ ಅಂತರಕ್ಕೆ. ಆದ್ದರಿಂದ ಪ್ರತಿ ತಿಂಗಳು ನೀವು ಅಂದಾಜಿಸಿದ್ದ ಪ್ರಮಾಣವನ್ನು ಒಂದು ಸಾಲಿನಲ್ಲಿಯೂ, ನಿಜವಾಗಿ ಆದ ಬಳಕೆಯನ್ನು ಅದರ ಕೆಳಗಿನ ಸಾಲಿನಲ್ಲಿಯೂ ಬರೆದು, ಎರಡರ ವ್ಯತ್ಯಾಸದ ಮಾನಕ ವಿಚಲನೆಯನ್ನು ಸರಾಸರಿ ಬಳಕೆಯಿಂದ ಭಾಗಿಸಿ. ಅಂದಾಜಿನ ದಾಖಲೆ ಇಲ್ಲದಿದ್ದರೆ ಹಿಂದಿನ ವರ್ಷದ ಅದೇ ತಿಂಗಳ ಬಳಕೆಯನ್ನು, ಈ ವರ್ಷದ ಒಟ್ಟು ಬೆಳವಣಿಗೆಗೆ ಸರಿಹೊಂದಿಸಿ, ಅಂದಾಜು ಎಂದು ಹಿಡಿಯಬಹುದು. ಈ ವ್ಯತ್ಯಾಸದ ವಿಚಲನೆ 50 ಕೆ.ಜಿ. ಬಂದಿತು ಎನ್ನೋಣ. ಆಗ ಗುಣಾಂಕ 0.09. ಅದೇ ತಂತಿ ಈಗ ಗಟ್ಟಿಯಾದ ಎ-ಎಕ್ಸ್.

ಇದು ಬರಿಯ ಹೆಸರಿನ ಬದಲಾವಣೆಯಲ್ಲ ಎಂಬುದನ್ನು ಹಣದಲ್ಲಿ ನೋಡಿ. ಬಫರಿನ ಸಾಮಾನ್ಯ ಸೂತ್ರ ಇದು:

```
SS = z × σ × √L
```

ಇಲ್ಲಿ SS ಎಂದರೆ ಬಫರ್ ಸ್ಟಾಕ್, L ಎಂದರೆ ಆರ್ಡರ್ ಹಾಕಿದ ದಿನದಿಂದ ಸಾಮಾನು ಕೈಸೇರುವವರೆಗಿನ ಲೀಡ್ ಟೈಮ್, ತಿಂಗಳುಗಳಲ್ಲಿ, σ ಎಂದರೆ ತಿಂಗಳ ವಿಚಲನೆ, z ಎಂದರೆ ನೀವು ಬಯಸುವ ಭರವಸೆಯ ಮಟ್ಟಕ್ಕೆ ತಕ್ಕ ಸಂಖ್ಯೆ. ಶೇಕಡಾ 95ಕ್ಕೆ ಅದು 1.65. ತಂತಿ ಬರಲು ಅರ್ಧ ತಿಂಗಳು ಬೇಕು ಎಂದರೆ, ಋತುವನ್ನು ಬೇರ್ಪಡಿಸದ 197ನ್ನು ಹಾಕಿದಾಗ ಬಫರ್ 230 ಕೆ.ಜಿ. ಆಗುತ್ತದೆ, 50ನ್ನು ಹಾಕಿದಾಗ 58 ಕೆ.ಜಿ. ಒಂದೇ ಸಾಮಾನಿನಲ್ಲಿ 1.72 ಲಕ್ಷ ರೂಪಾಯಿಯ ಅಂತರ. ಮೊದಲಿನ ರೀತಿಯಲ್ಲಿ ಮರು ಆರ್ಡರಿನ ಮಟ್ಟ ವರ್ಷವಿಡೀ ಒಂದೇ, ಅಂದರೆ ಸರಾಸರಿ ಅರ್ಧ ತಿಂಗಳ 292 ಕೆ.ಜಿ.ಗೆ 230 ಸೇರಿ 522 ಕೆ.ಜಿ. ಜುಲೈ ತಿಂಗಳಲ್ಲಿ ಹದಿನೈದು ದಿನಕ್ಕೆ 170 ಕೆ.ಜಿ. ಸಾಕಾಗುವಾಗಲೂ ದಾಸ್ತಾನು 522ಕ್ಕೆ ಇಳಿದ ಕೂಡಲೇ ಹೊಸ ಆರ್ಡರ್ ಹೊರಡುತ್ತದೆ. ಎರಡನೆಯ ರೀತಿಯಲ್ಲಿ ಮಾರ್ಚ್‌ಗೆ 440 ಮತ್ತು 58 ಸೇರಿ 498, ಜುಲೈಗೆ 170 ಮತ್ತು 58 ಸೇರಿ 228. ಬೇಸಿಗೆಯ ರಕ್ಷಣೆಗೆ ಹೆಚ್ಚು ಕುಂದಿಲ್ಲದೆ ಮಳೆಗಾಲದಲ್ಲಿ ಸುಮಾರು 3 ಲಕ್ಷ ರೂಪಾಯಿಯ ತಂತಿ ಕಪಾಟಿನಿಂದ ಇಳಿಯುತ್ತದೆ. ನಿಮ್ಮ ಎ ವರ್ಗದಲ್ಲಿ ಸಿಕ್ಕಿಬಿದ್ದ ಹಣದ ಒಂದು ದೊಡ್ಡ ಭಾಗ ಇಲ್ಲಿಯೇ ಇರುವ ಸಂಭವ ಹೆಚ್ಚು.

ಇನ್ನು ಬಿಗಿ ಹಿಡಿತ ಎಂಬ ಮಾತಿಗೆ ಬರೋಣ. ಎ-ಎಕ್ಸ್ ಸಾಮಾನಿನಲ್ಲಿ ಬೇಡಿಕೆ ನಿಮಗೆ ಮೋಸ ಮಾಡುವುದಿಲ್ಲ, ಮೋಸ ಮಾಡುವುದು ಬರುವ ದಿನಾಂಕ. ಎಕ್ಸ್‌ವೈಝಡ್ ವಿಂಗಡಣೆಗೆ ಸರಬರಾಜುದಾರರ ವಿಷಯ ಏನೂ ಗೊತ್ತಿಲ್ಲ ಎಂಬುದು ಅದರ ಅತಿ ದೊಡ್ಡ ಮಿತಿ. ಹದಿನೈದು ದಿನಕ್ಕೆ ಬರಬೇಕಾದ ತಂತಿ ಒಮ್ಮೆ ಎಂಟು ದಿನಕ್ಕೆ, ಇನ್ನೊಮ್ಮೆ ಇಪ್ಪತ್ತೆರಡು ದಿನಕ್ಕೆ ಬಂದರೆ ಸೂತ್ರ ಬೆಳೆಯುತ್ತದೆ:

```
SS = z × √( L×σ² + d²×s² )
```

d ಎಂದರೆ ತಿಂಗಳ ಸರಾಸರಿ ಬಳಕೆ, s ಎಂದರೆ ಲೀಡ್ ಟೈಮಿನ ವಿಚಲನೆ, ತಿಂಗಳಿನ ಭಾಗವಾಗಿ. ಒಂದು ವಾರದ ವಿಚಲನೆ, ಅಂದರೆ 0.25 ತಿಂಗಳು ಎಂದು ಹಾಕಿ ನೋಡಿ: ಬೇಡಿಕೆಯ ಕಡೆಯಿಂದ ಬರುವ ಅನಿಶ್ಚಿತತೆ 35 ಕೆ.ಜಿ., ವಿಳಂಬದ ಕಡೆಯಿಂದ ಬರುವುದು 146 ಕೆ.ಜಿ. ಎರಡೂ ಸೇರಿ ಸುಮಾರು 150, ಬಫರ್ 248 ಕೆ.ಜಿ. ಅಂದರೆ ಅಷ್ಟು ಜಾಣತನದಿಂದ ಬಿಡಿಸಿದ ಹಣವನ್ನೆಲ್ಲ ಸರಬರಾಜುದಾರರ ಒಂದು ವಾರದ ಹೊಯ್ದಾಟ ಮತ್ತೆ ನುಂಗಿಬಿಡುತ್ತದೆ. ಹಾಗಾಗಿ ಎ-ಎಕ್ಸ್‌ನಲ್ಲಿ ಬಿಗಿ ಹಿಡಿತ ಎಂದರೆ ಸ್ಟೋರಿನ ಬಾಗಿಲಿಗೆ ಎರಡು ಬೀಗ ಹಾಕುವುದಲ್ಲ. ಮೂರು ತಿಂಗಳ ಬೇಡಿಕೆಯ ಪಟ್ಟಿಯನ್ನು ಸರಬರಾಜುದಾರರಿಗೆ ಮೊದಲೇ ಕೊಟ್ಟು, ಅದರೊಳಗೆ ವಾರಕ್ಕೊಮ್ಮೆ ಚಿಕ್ಕ ಪ್ರಮಾಣದಲ್ಲಿ ತರಿಸುವುದು, ಪ್ರತಿ ರವಾನೆಯಲ್ಲಿ ಹೇಳಿದ ದಿನ ಮತ್ತು ಬಂದ ದಿನ ಎರಡನ್ನೂ ಬರೆದಿಡುವುದು, ಬಾಕಿ ಇರುವ ಪರ್ಚೇಸ್ ಆರ್ಡರುಗಳನ್ನು ಪ್ರತಿ ಸೋಮವಾರ ಒಬ್ಬರೇ ಜವಾಬ್ದಾರರಾಗಿ ನೋಡುವುದು, ವಾರಕ್ಕೊಮ್ಮೆ ತೂಕ ಹಾಕಿ ದಾಖಲೆಯೊಂದಿಗೆ ತಾಳೆ ನೋಡುವುದು. ಬೇಡಿಕೆ ಸ್ಥಿರವಾಗಿರುವ ಸಾಮಾನಿಗೆ ಮಾತ್ರ ಸರಬರಾಜುದಾರರು ಇಂಥ ಒಪ್ಪಂದಕ್ಕೆ ಸಂತೋಷದಿಂದ ಬರುತ್ತಾರೆ, ಏಕೆಂದರೆ ಅವರ ಯೋಜನೆಗೂ ಅದರಿಂದ ಅನುಕೂಲ. ಸಾಮಾನು ಎ ಆಗಿರುವ ಜೊತೆಗೆ ಎಕ್ಸ್ ಕೂಡ ಆಗಿದೆಯೇ ಎಂದು ನೋಡುವುದರ ಪ್ರಯೋಜನ ಇದು.

ಈಗ ಕಷ್ಟದ ಮನೆ, ಎ-ಝಡ್. ದೊಡ್ಡ ಬೋರ್‌ವೆಲ್‌ಗಳಿಗೆ ಹೋಗುವ 30 ಎಚ್‌ಪಿ ಮೋಟರಿನ ಸ್ಟೇಟರ್ ಕೋರ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಕುಡಿಯುವ ನೀರಿನ ಅಥವಾ ಏತ ನೀರಾವರಿಯ ಟೆಂಡರ್ ಬಂದಾಗ ಮಾತ್ರ ಇದಕ್ಕೆ ಬೇಡಿಕೆ. ಹನ್ನೆರಡು ತಿಂಗಳಲ್ಲಿ ನಾಲ್ಕು ಬಾರಿ, ಕ್ರಮವಾಗಿ 14, 22, 6 ಮತ್ತು 18, ಉಳಿದ ಎಂಟು ತಿಂಗಳು ಸೊನ್ನೆ. ಒಟ್ಟು 60, ಒಂದಕ್ಕೆ 14,000 ರೂಪಾಯಿಯಂತೆ ವರ್ಷಕ್ಕೆ 8.4 ಲಕ್ಷ. ಸರಾಸರಿ ತಿಂಗಳಿಗೆ 5, ವಿಚಲನೆ 8.2, ಗುಣಾಂಕ 1.64. ಇದಕ್ಕೆ ಯಾರಾದರೂ ಮೇಲಿನ ಸೂತ್ರವನ್ನೇ ಹಚ್ಚಿ, ಒಂದೂವರೆ ತಿಂಗಳ ಲೀಡ್ ಟೈಮಿಗೆ, ಶೇಕಡಾ 98ರ ಭರವಸೆಗೆ ಲೆಕ್ಕ ಹಾಕಿದರೆ ಬಫರ್ 21 ಕೋರುಗಳು, ಮರು ಆರ್ಡರಿನ ಮಟ್ಟ 28. ಅಂದರೆ ಸುಮಾರು 4 ಲಕ್ಷ ರೂಪಾಯಿ, ಇಡೀ ವರ್ಷದ ಬಳಕೆಯ ಅರ್ಧಕ್ಕೆ ಹತ್ತಿರ, ಸದಾ ಕಪಾಟಿನಲ್ಲಿ. ಅಷ್ಟಾದರೂ ಶೇಕಡಾ 98 ಎಂಬ ಮಾತು ನಿಜವಾಗುವುದಿಲ್ಲ, ಏಕೆಂದರೆ ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿದ ಬೇಡಿಕೆಗೆಂದು ಆ ಸೂತ್ರ ರಚಿತವಾಗಿದೆ. ಇಲ್ಲಿ ಸರಾಸರಿಯಾದ 5 ಕೋರುಗಳ ಬೇಡಿಕೆ ಒಂದು ತಿಂಗಳೂ ಬಂದಿಲ್ಲ. ಬಂದರೆ ದೊಡ್ಡದಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. 40ರ ಒಂದು ಆರ್ಡರ್ ಬಂದ ದಿನ 28 ಸಾಲದು, ಆರು ತಿಂಗಳು ಏನೂ ಬರದಿದ್ದರೆ ಒಂದೂ ಬೇಕಿರಲಿಲ್ಲ.

ಎ-ಝಡ್‌ನಲ್ಲಿ ಸಾಮಾನಿನ ಬದಲು ಮಾಹಿತಿಯನ್ನು ಸಂಗ್ರಹಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಟೆಂಡರ್ ಪ್ರಕಟವಾಗುವುದಕ್ಕೂ ಕಾರ್ಯಾದೇಶ ಸಿಗುವುದಕ್ಕೂ ನಡುವೆ ಸಮಯವಿರುತ್ತದೆ, ಕಾರ್ಯಾದೇಶದಿಂದ ಪೂರೈಕೆಗೂ ಒಪ್ಪಂದದಲ್ಲಿ ದಿನಗಳಿರುತ್ತವೆ. ಮಾರಾಟ ವಿಭಾಗಕ್ಕೆ ಗೊತ್ತಿರುವ ಈ ದಿನಾಂಕಗಳು ಖರೀದಿ ವಿಭಾಗಕ್ಕೆ ತಲುಪದ ಕಾರಣಕ್ಕೇ ಕೋರಿನ ಬೇಡಿಕೆ ಸ್ಟೋರಿನ ದಾಖಲೆಯಲ್ಲಿ ಸಿಡಿಲಿನಂತೆ ಕಾಣುತ್ತದೆ. ಯಾವ ಟೆಂಡರಿನಲ್ಲಿ ನೀವು ದರ ಹಾಕಿದ್ದೀರಿ, ಎಷ್ಟು ಪಂಪು, ಯಾವ ಎಚ್‌ಪಿ, ತೀರ್ಮಾನ ಯಾವಾಗ ಎಂಬ ಒಂದು ಪುಟದ ಪಟ್ಟಿ ವಾರಕ್ಕೊಮ್ಮೆ ಖರೀದಿಯವರ ಮೇಜಿಗೆ ಬಂದರೆ, ಪೂರೈಕೆಗೆ 60 ದಿನಗಳಿರುವ ಕಡೆ ಒಂದೂವರೆ ತಿಂಗಳ ಲೀಡ್ ಟೈಮಿನ ಕೋರನ್ನು ಬಫರಿಲ್ಲದೆ, ಖಚಿತ ಆರ್ಡರಿನ ಮೇಲೆಯೇ ತರಿಸಬಹುದು.

ಪೂರೈಕೆಗೆ 30 ದಿನಗಳಷ್ಟೇ ಸಿಗುತ್ತದೆ ಎಂದಾದರೆ ಇನ್ನೊಂದು ದಾರಿಯಿದೆ, ಅದು ನಿಮ್ಮ ಉದ್ಯಮಕ್ಕೆ ಚೆನ್ನಾಗಿ ಒಪ್ಪುತ್ತದೆ. ಒಂದೇ ಹೊರವ್ಯಾಸದ ಮೋಟರುಗಳಲ್ಲಿ ಎಚ್‌ಪಿ ಹೆಚ್ಚಾದಂತೆ ಸಾಮಾನ್ಯವಾಗಿ ಉದ್ದವಾಗುವುದು ಕೋರಿನ ಅಟ್ಟಿ. ಅದರೊಳಗಿನ ಸ್ಟ್ಯಾಂಪಿಂಗ್ ಹಾಳೆ ಬಹಳ ಸಲ ಒಂದೇ ಆಗಿರುತ್ತದೆ. ನಿಮ್ಮ 15, 20 ಮತ್ತು 30 ಎಚ್‌ಪಿ ಮೋಟರುಗಳು ಒಂದೇ ಸ್ಟ್ಯಾಂಪಿಂಗ್ ಬಳಸುತ್ತಿದ್ದರೆ, ಅಟ್ಟಿ ಕಟ್ಟಿದ ಕೋರಿನ ಬದಲು ಬಿಡಿ ಸ್ಟ್ಯಾಂಪಿಂಗನ್ನು ಇಟ್ಟುಕೊಳ್ಳಿ, ಆರ್ಡರ್ ಬಂದ ಮೇಲೆ ಬೇಕಾದ ಉದ್ದಕ್ಕೆ ಕಟ್ಟಿಸಿ. ಮೂರರ ಬೇಡಿಕೆಗಳೂ ಸುಮಾರಾಗಿ ಒಂದೇ ಗಾತ್ರದವಾಗಿದ್ದು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವುದಾದರೆ, ಒಟ್ಟುಗೂಡಿಸಿದಾಗ 1.64ರ ಗುಣಾಂಕ ಮೂರರ ವರ್ಗಮೂಲದಷ್ಟು ಕುಗ್ಗಿ 0.95ರ ಹತ್ತಿರಕ್ಕೆ ಬರುತ್ತದೆ. ಆಗಲೂ ಅದು ಝಡ್ ವರ್ಗವೇ ನಿಜ. ಆದರೆ ಇಟ್ಟ ದಾಸ್ತಾನು ಮೂರರಲ್ಲಿ ಯಾವುದಕ್ಕಾದರೂ ಒದಗುತ್ತದೆ, ಅಟ್ಟಿ ಕಟ್ಟುವ ಖರ್ಚು ಇನ್ನೂ ಸೇರಿಲ್ಲ, ಮತ್ತು ತಪ್ಪು ಎಚ್‌ಪಿಯ ಕೋರು ವರ್ಷಗಟ್ಟಲೆ ಧೂಳು ಹಿಡಿಯುವ ಭಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಮೂರು ಎಚ್‌ಪಿಗಳ ಬೇಡಿಕೆಯೂ ಒಂದೇ ಟೆಂಡರಿನಲ್ಲಿ ಒಟ್ಟಿಗೆ ಬರುವುದಾದರೆ ಏರಿಳಿತ ಇಷ್ಟು ತಗ್ಗುವುದಿಲ್ಲ. ಕಳೆದ ಎರಡು ವರ್ಷಗಳ ಆರ್ಡರುಗಳನ್ನು ತೆರೆದು ನೋಡಿದರೆ ಇದು ತಿಳಿದುಬಿಡುತ್ತದೆ.

ಇದೇ ಕೋರು ಹೊಲದಲ್ಲಿ ಸುಟ್ಟುಹೋದ ಮೋಟರಿನ ರಿಪೇರಿಗೂ ಬೇಕಾಗುತ್ತದೆ ಎಂದರೆ, ಆ ಬೇಡಿಕೆಯನ್ನು ಟೆಂಡರಿನಿಂದ ಬೇರ್ಪಡಿಸಿ ಎರಡು ಅಥವಾ ಮೂರನ್ನು ಮಾತ್ರ ಆ ಹೆಸರಿನಲ್ಲಿ ಇಟ್ಟುಕೊಳ್ಳಿ. ಎರಡು ಸ್ವಭಾವದ ಬೇಡಿಕೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಿ ಲೆಕ್ಕ ಮಾಡಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಈಗ ನಿಮ್ಮ ಜೋಡಣೆಯನ್ನು ನಿಲ್ಲಿಸುತ್ತಿರುವ ರಬ್ಬರ್ ರಿಂಗಿನ ವಿಷಯ. ಒಂದು ಪಂಪಿಗೆ ನಾಲ್ಕರಂತೆ, ವರ್ಷಕ್ಕೆ 1,400 ಪಂಪುಗಳಿಗೆ 5,600 ರಿಂಗ್ ಬೇಕು. ಆರು ರೂಪಾಯಿಯಂತೆ 33,600 ರೂಪಾಯಿ. ಬೇಸಿಗೆಯ ಉತ್ತುಂಗದ ತಿಂಗಳಲ್ಲಿ ಸುಮಾರು 700. ಪಂಪಿನ ಸಂಖ್ಯೆಯಿಂದ ಬಳಕೆಯನ್ನು ಹೊರಡಿಸಿ ಋತುವನ್ನು ಬೇರ್ಪಡಿಸಿದರೆ ಇದು ಸಿ-ಎಕ್ಸ್. ಜೋಡಣೆಯಲ್ಲಿ ಹರಿದು ಹೋಗುವುದು, ಬಿದ್ದು ಕಳೆಯುವುದು ಹೆಚ್ಚಿದ್ದರೆ ಸಿ-ವೈ. ಎರಡರಲ್ಲೂ ತೀರ್ಮಾನ ಒಂದೇ. ಎರಡು ಡಬ್ಬಿಗಳನ್ನು ಇಡಿ, ಒಂದೊಂದರಲ್ಲಿ 700. ಮೊದಲನೆಯದು ಖಾಲಿಯಾದ ದಿನವೇ ಅದರ ತಳದಲ್ಲಿರುವ ಚೀಟಿ ಖರೀದಿ ವಿಭಾಗಕ್ಕೆ ಹೋಗಬೇಕು, ಎರಡನೆಯ ಡಬ್ಬಿ ತೆರೆಯಬೇಕು. ಹದಿನೈದು ದಿನದ ಲೀಡ್ ಟೈಮಿನಲ್ಲಿ ಉತ್ತುಂಗದ ಬಳಕೆಯೂ 350ನ್ನು ದಾಟದ ಕಾರಣ, ಎರಡನೆಯ ಡಬ್ಬಿಯಲ್ಲಿ ಬೇಕಾದದ್ದರ ಇಮ್ಮಡಿ ಇದೆ. ಎರಡೂ ಡಬ್ಬಿ ತುಂಬಿದ್ದಾಗಲೂ ಹೂಡಿದ ಹಣ 8,400 ರೂಪಾಯಿ. ಬಡ್ಡಿ, ಜಾಗ, ನಷ್ಟ ಎಲ್ಲ ಸೇರಿ ವರ್ಷಕ್ಕೆ ಶೇಕಡಾ 20 ಖರ್ಚು ಎಂದರೂ 1,680 ರೂಪಾಯಿ. ಆ ರಿಂಗಿಗಾಗಿ ಕಾಯುತ್ತ ನಿಂತ ಅರ್ಧ ಜೋಡಿಸಿದ ಒಂದೇ ಪಂಪಿನಲ್ಲಿ ಇದರ ಎಷ್ಟೋ ಪಟ್ಟು ಹಣ ಸಿಕ್ಕಿಕೊಂಡಿರುತ್ತದೆ. ಇಂಥ ಸಾಮಾನಿಗೆ ಶೇಕಡಾ 99ಕ್ಕಿಂತ ಹೆಚ್ಚಿನ ಭರವಸೆಯನ್ನು ಸಂಕೋಚವಿಲ್ಲದೆ ಕೊಳ್ಳಬೇಕು. ಎಣಿಕೆ, ಬಿನ್ ಕಾರ್ಡಿನ ದಿನದ ನಮೂದು, ಮ್ಯಾನೇಜರ ಸಹಿ, ಇವು ಯಾವುದೂ ಇಲ್ಲಿ ಬೇಡ. ಅವುಗಳಿಗೆ ತಗಲುವ ಸಮಯ ರಿಂಗಿಗಿಂತ ದುಬಾರಿ. ಬಫರ್ ಹೆಚ್ಚಿದ್ದಷ್ಟೂ ಹಿಡಿತ ಸಡಿಲವಾಗಿರಬಹುದು, ಇದು ಸಿ ವರ್ಗದ ಅನುಕೂಲ. ಮಿತಿ ಒಂದೇ: ರಬ್ಬರ್ ಕಾಲ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಬಿಸಿಲು ಮತ್ತು ಶಾಖ ತಾಗಿದರೆ ಇನ್ನೂ ಬೇಗ. ಆದ್ದರಿಂದ ಎಷ್ಟೇ ಅಗ್ಗವೆಂದು ಒಂದು ವರ್ಷದ ಬಳಕೆಗಿಂತ ಹೆಚ್ಚು ತರಿಸದೆ, ಹಳೆಯದನ್ನು ಮೊದಲು ಬಳಸಿ.

ಸಿ-ಝಡ್‌ನಲ್ಲಿ ಸೂತ್ರಕ್ಕೆ ಕೆಲಸವಿಲ್ಲ, ಅಲ್ಲಿ ಕೇಳಬೇಕಾದದ್ದು ‘ಇದಿಲ್ಲದಿದ್ದರೆ ಏನು ನಿಲ್ಲುತ್ತದೆ’ ಎಂದು. ಆಸ್ಪತ್ರೆ ಮತ್ತು ದೊಡ್ಡ ಕಾರ್ಖಾನೆಗಳಲ್ಲಿ ಬಿಡಿಭಾಗಗಳನ್ನು ಪ್ರಾಣಾಧಾರ, ಅವಶ್ಯ, ಅಪೇಕ್ಷಿತ ಎಂದು ಮೂರಾಗಿ ನೋಡುವ ವಿಇಡಿ ಪದ್ಧತಿ ಈ ಮನೆಗೆ ಸರಿಹೊಂದುತ್ತದೆ. ನಿಮ್ಮ ವೈಂಡಿಂಗ್ ಯಂತ್ರದ ಒಂದು ಬೆಲ್ಟ್ ವರ್ಷಕ್ಕೊಮ್ಮೆ ಕಿತ್ತರೂ ಅದಿಲ್ಲದೆ ಇಡೀ ವಿಭಾಗ ನಿಲ್ಲುವುದಾದರೆ, ಒಂದನ್ನು ಸದಾ ಇಡಿ, ಲೆಕ್ಕ ಬೇಡ. ತಯಾರಿಕೆ ನಿಂತುಹೋದ ಹಳೆಯ ಮಾದರಿಯ ಇಂಪೆಲ್ಲರ್ ವರ್ಷಕ್ಕೆ ಹತ್ತೋ ಹನ್ನೆರಡೋ ಹೋಗುವುದಾದರೆ, ಗ್ರಾಹಕರಿಗೆ ಎಷ್ಟು ವರ್ಷ ಬಿಡಿಭಾಗ ಕೊಡುವುದಾಗಿ ಮಾತು ಕೊಟ್ಟಿದ್ದೀರಿ ಎಂದು ನೋಡಿ, ಅಷ್ಟು ವರ್ಷಕ್ಕೆ ಸಾಕಾಗುವಷ್ಟನ್ನು ಅಚ್ಚು ಇರುವಾಗಲೇ ಒಮ್ಮೆ ಮಾಡಿಸಿಟ್ಟು ಆ ಸಾಮಾನನ್ನು ನಿತ್ಯದ ಪಟ್ಟಿಯಿಂದ ತೆಗೆದುಬಿಡಿ. ಎರಡೂ ಅಲ್ಲದ ಸಿ-ಝಡ್ ಸಾಮಾನುಗಳನ್ನು ಸ್ಟೋರಿನಲ್ಲಿಡುವುದೇ ಬೇಡ, ಬೇಕಾದಾಗ ಪೇಟೆಯಿಂದ ತರಿಸಿದರಾಯಿತು.

ಬಿ ವರ್ಗದ ಮೂರು ಮನೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬಿ-ಎಕ್ಸ್ ಮತ್ತು ಬಿ-ವೈಗಳಲ್ಲಿ ಮೇಲಿನ ಸೂತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆ, ಮರು ಆರ್ಡರಿನ ಮಟ್ಟವನ್ನು ಕಂಪ್ಯೂಟರಿಗೆ ಬಿಟ್ಟು ತಿಂಗಳಿಗೊಮ್ಮೆ ನೋಡಿದರೆ ಸಾಕು. ಬಿ-ಝಡ್ ಅನ್ನು ಎ-ಝಡ್‌ನ ರೀತಿಯಲ್ಲೇ, ಮೊದಲು ಆರ್ಡರ್, ಆಮೇಲೆ ಖರೀದಿ ಎಂದು ನಡೆಸಿ. ಎ-ವೈ ಮನೆಯಲ್ಲಿ ಮಾತ್ರ, ಋತುವನ್ನು ಬೇರ್ಪಡಿಸಿದ ಮೇಲೂ ಉಳಿಯುವ ಸಾಮಾನುಗಳಿಗೆ ಲೆಕ್ಕದ ಪ್ರಕಾರ ಬಫರ್ ಇಡಬೇಕಾಗುತ್ತದೆ, ಆ ಬಫರನ್ನು ತಿಂಗಳು ತಿಂಗಳು ಅಳೆದು ನೋಡುವ ಶ್ರಮವನ್ನೂ ಪಡಬೇಕಾಗುತ್ತದೆ.

ಇಟ್ಟ ಬಫರ್ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳವಾದ ಪರೀಕ್ಷೆ ಇದೆ. ಪ್ರತಿ ಬಾರಿ ಹೊಸ ಸಾಮಾನು ಗೇಟಿನೊಳಗೆ ಬಂದ ಕ್ಷಣದಲ್ಲಿ ಕಪಾಟಿನಲ್ಲಿ ಎಷ್ಟು ಉಳಿದಿತ್ತು ಎಂದು ಬರೆದಿಡಿ. ಲೆಕ್ಕ ಸರಿಯಾಗಿದ್ದರೆ ಸುಮಾರು ಅರ್ಧದಷ್ಟು ಬಾರಿ ಉಳಿದದ್ದು ಬಫರಿಗಿಂತ ಕಡಿಮೆ, ಅರ್ಧದಷ್ಟು ಬಾರಿ ಹೆಚ್ಚು ಇರಬೇಕು, ಏಕೆಂದರೆ ಸರಾಸರಿಯಾಗಿ ಆ ಕ್ಷಣದಲ್ಲಿ ಉಳಿಯಬೇಕಾದದ್ದೇ ಬಫರಿನಷ್ಟು. ಎಂಟು ಹತ್ತು ರವಾನೆಗಳಲ್ಲಿ ಒಮ್ಮೆಯೂ ಬಫರನ್ನು ಮುಟ್ಟಿಲ್ಲ ಎಂದರೆ ನಿಮ್ಮ ಅಂದಾಜಿನ ಬಳಕೆ ಅಥವಾ ಲೀಡ್ ಟೈಮ್ ನಿಜಕ್ಕಿಂತ ಹೆಚ್ಚಾಗಿ ದಾಖಲಾಗಿದೆ. ಪ್ರತಿ ಬಾರಿಯೂ ಬಫರಿನೊಳಗೆ ಇಳಿಯುತ್ತಿದೆ ಎಂದರೆ ಅವೆರಡರಲ್ಲಿ ಒಂದು ಕಡಿಮೆಯಾಗಿ ದಾಖಲಾಗಿದೆ. ಆಗ ಬಫರ್ ಹೆಚ್ಚಿಸುವ ಮೊದಲು ಆ ದಾಖಲೆಯನ್ನು ತಿದ್ದಬೇಕು. ಎ ವರ್ಗದ ಎಲ್ಲ ಸಾಮಾನಿಗೂ ಇದನ್ನು ಮಾಡಿ. ಸಿ ವರ್ಗಕ್ಕೆ ಇದು ಬೇಡ, ಅಲ್ಲಿ ಜೋಡಣೆ ನಿಂತ ಪ್ರತಿ ಸಲವೂ ಯಾವ ಸಾಮಾನಿಗಾಗಿ ನಿಂತಿತು ಎಂದು ಗೋಡೆಯ ಮೇಲಿನ ಹಲಗೆಯಲ್ಲಿ ಬರೆದರೆ ಸಾಕು. ಒಂದೇ ಹೆಸರು ಎರಡನೆಯ ಬಾರಿ ಕಂಡರೆ ಅದರ ಡಬ್ಬಿಯ ಗಾತ್ರವನ್ನು ಹೆಚ್ಚಿಸಿ.

ವಿಂಗಡಣೆಯನ್ನು ಎಷ್ಟು ದಿನಕ್ಕೊಮ್ಮೆ ಮತ್ತೆ ಮಾಡಬೇಕು ಎಂದು ಮುಂದೆ ನೀವು ಕೇಳಬಹುದು. ನಿಮ್ಮ ವ್ಯಾಪಾರಕ್ಕೆ ವರ್ಷಕ್ಕೆ ಎರಡು ಬಾರಿ ಸಾಕು: ಮಳೆಗಾಲದ ಆರಂಭದಲ್ಲಿ ಒಮ್ಮೆ, ಬೇಸಿಗೆಯ ಖರೀದಿ ಶುರುವಾಗುವ ಮುಂಚೆ ಡಿಸೆಂಬರಿನಲ್ಲಿ ಒಮ್ಮೆ. ಆದರೆ ಎರಡೂ ಬಾರಿ ಲೆಕ್ಕಕ್ಕೆ ಹಿಂದಿನ ಪೂರ್ತಿ ಹನ್ನೆರಡು ತಿಂಗಳ ಅಂಕಿಗಳನ್ನೇ ತೆಗೆದುಕೊಳ್ಳಿ. ಆರು ತಿಂಗಳಷ್ಟೇ ತೆಗೆದುಕೊಂಡರೆ ಋತು ಮತ್ತೆ ಲೆಕ್ಕದೊಳಗೆ ನುಸುಳುತ್ತದೆ. ಗಡಿಯ ಆಸುಪಾಸಿನಲ್ಲಿರುವ ಸಾಮಾನುಗಳು ಪ್ರತಿ ಬಾರಿ ಅತ್ತಿತ್ತ ಜಿಗಿಯುವುದನ್ನು ತಡೆಯಲು, ಗುಣಾಂಕ 0.25ನ್ನು ದಾಟಿದ ಕೂಡಲೇ ಎಕ್ಸ್ ಅನ್ನು ವೈ ಮಾಡದೆ 0.30 ದಾಟಿದಾಗ ಮಾಡಿ, ಹಿಂದಕ್ಕೆ ತರುವಾಗ 0.20ಕ್ಕೆ ಇಳಿದ ಮೇಲೆ ತನ್ನಿ. ಆರು ತಿಂಗಳೂ ತುಂಬದ ಹೊಸ ಸಾಮಾನಿಗೆ ಯಾವ ವರ್ಗವನ್ನೂ ಕೊಡದೆ, ಅದರಂಥದೇ ಹಳೆಯ ಸಾಮಾನಿನ ವರ್ಗದಲ್ಲಿ ತಾತ್ಕಾಲಿಕವಾಗಿ ನಡೆಸಿ. 400 ಸಾಮಾನುಗಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳುವ ಅಗತ್ಯವೂ ಇಲ್ಲ: ಮೊದಲು ಎ ವರ್ಗದ ಸಾಮಾನುಗಳಿಗೆ ಋತುವನ್ನು ಬೇರ್ಪಡಿಸಿದ ಗುಣಾಂಕವನ್ನೂ ಲೀಡ್ ಟೈಮಿನ ವಿಚಲನೆಯನ್ನೂ ಲೆಕ್ಕ ಹಾಕಿ, ಅದೇ ವಾರದಲ್ಲಿ ಪ್ರತಿ ಪಂಪಿಗೂ ಬೀಳುವ ಸಿ ವರ್ಗದ ಸಾಮಾನುಗಳಿಗೆ ಎರಡು ಡಬ್ಬಿಗಳನ್ನು ಇಡಿಸಿ.